ಡಾಲರ್, ಯೆನ್ ಬಿಲ್ ಕೂಡಿಸಿದರೆ ನಿನ್ನೆ ಒಂದು ಮೊತ್ತ, ಇವತ್ತು ಒಂದು ಮೊತ್ತ. ಸರಿ ಯಾವುದು?

ನಿಟ್ಟುವಳ್ಳಿ ಸವಿತಾ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯ ಕರೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುತ್ತೇನೆ. ನಮ್ಮ ಮಾಲೀಕರು ಒಂದು ಮೆಷಿನ್ ನೋಡೋಕೆ ಜಪಾನಿನ ಒಸಾಕಾಗೆ ಹೋಗಿದ್ದರು. ಬರುವಾಗ ಒಂದು ರಾತ್ರಿ ಸಿಂಗಾಪುರದಲ್ಲಿ ಉಳಿದರು. ಬಂದ ಮೇಲೆ ಒಂದು ಕವರ್ ತುಂಬ ಬಿಲ್ ಕೊಟ್ಟು, "ಟೂರ್ ಖರ್ಚು ರೂಪಾಯಲ್ಲಿ ಎಷ್ಟಾಯ್ತು ಹೇಳಮ್ಮ" ಅಂದರು.

ಬಿಲ್ ಇಷ್ಟೇ ಇವೆ. ಒಸಾಕಾ ಹೋಟೆಲ್ 312 ಡಾಲರ್, ಇಲ್ಲಿಂದಲೇ ವೆಬ್‌ಸೈಟಿನಲ್ಲಿ ಬುಕ್ ಮಾಡಿದ್ದು. ಸಿಂಗಾಪುರ ಹೋಟೆಲ್ 185 ಡಾಲರ್. ರೈಲು 13,870 ಯೆನ್, ಊಟ 4,280 ಯೆನ್, ಒಂದು ಸ್ಯಾಂಪಲ್ ಪಾರ್ಟ್ 21,500 ಯೆನ್. ಸಿಂಗಾಪುರದ ವಿಮಾನ ನಿಲ್ದಾಣದಲ್ಲಿ ಊಟ 34 ಸಿಂಗಾಪುರ ಡಾಲರ್. ಆಮೇಲೆ ಒಸಾಕಾ ಹೋಟೆಲಿನವರು 40 ಡಾಲರ್ ವಾಪಸ್ ಹಾಕಿದ್ದಾರೆ.

ನಾನು ಒಂದೊಂದು ಕರೆನ್ಸಿಯನ್ನೂ ಬೇರೆ ಬೇರೆ ಕೂಡಿಸಿ, ಗೂಗಲ್‌ನಲ್ಲಿ ಆ ದಿನದ ದರ ನೋಡಿ ಗುಣಿಸಿದೆ. ಡಾಲರ್ 86.20, ಯೆನ್ 0.585, ಸಿಂಗಾಪುರ ಡಾಲರ್ 64.80. ಒಟ್ಟು 64,791.85 ರೂಪಾಯಿ ಬಂತು. ಮಾರನೇ ದಿನ ಪ್ರಿಂಟ್ ತೆಗೆಯೋಕೆ ಮುಂಚೆ ದರ ಮತ್ತೆ ನೋಡಿದೆ, ಸ್ವಲ್ಪ ಬದಲಾಗಿತ್ತು. ಹೊಸ ದರ ಹಾಕಿದರೆ 64,847.35 ಆಯ್ತು. ಬಿಲ್ ಅವೇ, ಖರ್ಚೂ ಅದೇ. ದಿನಕ್ಕೊಂದು ಮೊತ್ತ ಬಂದರೆ ನಾನು ಯಾವುದನ್ನು ಪುಸ್ತಕದಲ್ಲಿ ಬರೆಯಲಿ? ಗೊತ್ತಿರುವವರು ದಯವಿಟ್ಟು ಹೇಳಿ.

ಎಂಸಿಸಿ ಬಿ ಬ್ಲಾಕ್ ಮಂಜು

ಸವಿತಾ ಮೇಡಂ, ನೀವು ಮಾಡಿದ್ದು ಸರಿಯಾಗೇ ಇದೆ. ಯೆನ್ ಜೊತೆ ಡಾಲರ್ ಕೂಡಿಸಬಾರದು, ಅದನ್ನು ನೀವು ಮಾಡಿಲ್ಲ. ಶೀಟಿನಲ್ಲಿ ಸೆಲ್‌ಗೆ ಡಾಲರ್ ಚಿಹ್ನೆ ಹಾಕಿ, ಪಕ್ಕದ ಸೆಲ್‌ಗೆ ಯೆನ್ ಚಿಹ್ನೆ ಹಾಕಿ, ಕೆಳಗೆ SUM ಕೊಟ್ಟುಬಿಡುವವರು ಎಷ್ಟೋ ಜನ ಇದ್ದಾರೆ. ಶೀಟಿಗೆ ಆ ಚಿಹ್ನೆ ಕಾಣಿಸೋದೇ ಇಲ್ಲ, ಅಂಕಿ ಮಾತ್ರ ಕೂಡಿಸುತ್ತೆ. ನಿಮ್ಮ ಬಿಲ್‌ಗಳನ್ನು ಹಾಗೆ ಕೂಡಿಸಿದ್ದರೆ 40,141 ಅಂತ ಒಂದು ಸಂಖ್ಯೆ ಬರುತ್ತಿತ್ತು. ಅದು ಡಾಲರೂ ಅಲ್ಲ, ಯೆನ್ನೂ ಅಲ್ಲ.

ನಿಮ್ಮ ಸಮಸ್ಯೆ ದಿನಾಂಕದ್ದು ಅಷ್ಟೇ. ಒಂದು ದಿನ ಫಿಕ್ಸ್ ಮಾಡಿ. ಪಕ್ಕದಲ್ಲಿ ದರದ ಪಟ್ಟಿ ಇಟ್ಟು VLOOKUP ಹಾಕಿ. ಕರೆನ್ಸಿ ಹೆಸರು ಟೈಪ್ ಮಾಡಿದರೆ ದರ ತಾನಾಗೇ ಬರುತ್ತೆ. ಎರಡು ನಿಮಿಷದ ಕೆಲಸ.

ಹರಿಹರ ನಾಗರಾಜ್

ಮೇಡಂ, ಮೆಷಿನ್ ಇಂಪೋರ್ಟ್ ಅಂದರೆ ಗೂಗಲ್ ದರ ನಡೆಯೋದಿಲ್ಲ. ಕಸ್ಟಮ್ಸ್‌ನವರು ತಮ್ಮದೇ ದರ ಪ್ರಕಟಿಸುತ್ತಾರೆ. ಇಂಪೋರ್ಟಿಗೆ ಒಂದು, ಎಕ್ಸ್‌ಪೋರ್ಟಿಗೆ ಒಂದು. ಬಿಲ್ ಆಫ್ ಎಂಟ್ರಿಯಲ್ಲಿ ಸುಂಕದ ಲೆಕ್ಕಕ್ಕೆ ಅದನ್ನೇ ಹಿಡಿಯಬೇಕು. ನಾವು ಬೇರಿಂಗ್ ತರಿಸುವಾಗ ಬ್ಯಾಂಕ್ ದರ ಹಾಕಿ ಅಂದಾಜು ಮಾಡಿ, ಸುಂಕಕ್ಕೆ ಎತ್ತಿಟ್ಟ ದುಡ್ಡು ಸಾಲದೆ ಓಡಾಡಿದ್ದೇವೆ.

ನಿಟ್ಟುವಳ್ಳಿ ಸವಿತಾ

ನಾಗರಾಜ್ ಸರ್, ಮೆಷಿನ್ ಇನ್ನೂ ತರಿಸಿಲ್ಲ, ಸುಮ್ನೆ ನೋಡೋಕೆ ಹೋಗಿದ್ದು. ಇದು ಟೂರ್ ಖರ್ಚು ಮಾತ್ರ. ಮೆಷಿನ್ ಬರುವಾಗ ನಿಮ್ಮನ್ನು ಖಂಡಿತ ಕೇಳುತ್ತೇನೆ.

ಹರಿಹರ ನಾಗರಾಜ್

ಓಹ್, ಸರಿ ಸರಿ. ನಾನು ಮೆಷಿನ್ ಬಿಲ್ ಅಂತಲೇ ಓದಿಕೊಂಡೆ. ಆದರೂ ಒಂದು ಮಾತು ಇಲ್ಲಿಗೂ ಬರುತ್ತೆ. ಆ ಕಸ್ಟಮ್ಸ್ ಪಟ್ಟಿಯಲ್ಲಿ ಯೆನ್ ದರ ನೂರು ಯೆನ್‌ಗೆ ಇಷ್ಟು ಅಂತ ಇರುತ್ತೆ. ಬೇರೆ ಕರೆನ್ಸಿಗೆಲ್ಲ ಒಂದಕ್ಕೆ ಇಷ್ಟು. ಕೊರಿಯಾದ ವಾನ್ ಕೂಡ ನೂರಕ್ಕೇ. ಅದನ್ನು ನೋಡದೆ ಗುಣಿಸಿದರೆ ಮೊತ್ತ ನೂರು ಪಟ್ಟು ಆಗಿಬಿಡುತ್ತೆ.

ದುರ್ಗದ ರಾಜಣ್ಣ

ಸವಿತಾ ಅವರೇ, ನಾನು ಬ್ಯಾಂಕಿನಲ್ಲಿ ಫಾರಿನ್ ಎಕ್ಸ್‌ಚೇಂಜ್ ಕೌಂಟರಿನಲ್ಲಿ ಬಹಳ ವರ್ಷ ಕೂತವನು. ಈಗ ನಿವೃತ್ತಿಯಾಗಿ ಚಿತ್ರದುರ್ಗದಲ್ಲಿದ್ದೇನೆ. ಮಂಜು ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಕರೆನ್ಸಿಗಳನ್ನು ಬೆರೆಸಿ ಕೂಡಿಸಬಾರದು ಅನ್ನೋದು ಸರಿ. ಒಂದು ದಿನ ಫಿಕ್ಸ್ ಮಾಡಿ ಅನ್ನೋದು ಸರಿಯಲ್ಲ.

ಗೂಗಲ್ ತೋರಿಸುವ ದರಕ್ಕೆ ನಿಮ್ಮ ಮಾಲೀಕರು ಯಾವತ್ತೂ ದುಡ್ಡು ಕೊಟ್ಟಿಲ್ಲ. ಅದು ಮಾರ್ಕೆಟ್ಟಿನಲ್ಲಿ ಕೊಳ್ಳುವ ದರಕ್ಕೂ ಮಾರುವ ದರಕ್ಕೂ ನಡುವಿನ ಒಂದು ಅಂದಾಜು. ಪ್ರತಿ ಬಿಲ್ಲಿನ ಹಿಂದೆಯೂ ರೂಪಾಯಿ ಯಾವುದೋ ಒಂದು ದಿನ, ಯಾವುದೋ ಒಂದು ದರದಲ್ಲಿ ಕೈಬಿಟ್ಟಿದೆ. ಆ ದರವೇ ಆ ಬಿಲ್ಲಿನ ದರ. ಮೊದಲು ಆ ದರದಲ್ಲಿ ಬಿಲ್ಲನ್ನು ರೂಪಾಯಿ ಮಾಡಿ. ಹೀಗೆ ಒಂದೊಂದೂ ರೂಪಾಯಿ ಆದ ಮೇಲೆ ಕೂಡಿಸಿ. ಆಗ ನಾಳೆ ಗೂಗಲ್ ಏನು ತೋರಿಸಿದರೂ ನಿಮ್ಮ ಮೊತ್ತ ಅಲ್ಲಾಡೋದಿಲ್ಲ.

ಅದಕ್ಕೆ ನಿಮಗೆ ನನ್ನ ಮೊದಲ ಪ್ರಶ್ನೆ ದರದ್ದಲ್ಲ. ಯಾವ ಬಿಲ್ಲಿಗೆ ದುಡ್ಡು ಹೇಗೆ ಕೊಟ್ಟರು? ಕ್ರೆಡಿಟ್ ಕಾರ್ಡೋ, ಫಾರೆಕ್ಸ್ ಕಾರ್ಡೋ, ಕ್ಯಾಶೋ? ಅದನ್ನು ಕೇಳಿಕೊಂಡು ಬನ್ನಿ. ಇನ್ನೊಂದು, ಆ ಸಿಂಗಾಪುರ ಹೋಟೆಲಿನ 185 ಡಾಲರ್ ನಿಜವಾಗಿ ಯಾವ ಡಾಲರ್ ಅಂತ ಬಿಲ್ ತೆಗೆದು ನೋಡಿ.

ಹೊಳಲ್ಕೆರೆ ಶಾಂತಕ್ಕ

ನಾನೂ ಇದೇ ಗೊಂದಲದಲ್ಲಿ ಇದ್ದೆ. ಮಗಳು ಜರ್ಮನಿಯಲ್ಲಿ ಓದುತ್ತಿದ್ದಾಳೆ. ಎರಡು ಸಲ ದುಡ್ಡು ಕಳಿಸಿದ್ದೇವೆ, ಎರಡು ಸಲವೂ 3,000 ಯೂರೋ. ಒಂದು ಸಲ ಬ್ಯಾಂಕಿನವರು 92 ರೂಪಾಯಿ ಚಿಲ್ಲರೆ ಹಿಡಿದರು, ಇನ್ನೊಂದು ಸಲ 98 ಚಿಲ್ಲರೆ. ನಮ್ಮನೆಯವರು 6,000 ಯೂರೋಗೆ ಈಗಿನ ದರ ಹಾಕಿ ಲೆಕ್ಕ ಹೇಳುತ್ತಾರೆ, ಪಾಸ್‌ಬುಕ್ ನೋಡಿದರೆ ಹದಿನೆಂಟು ಸಾವಿರದಷ್ಟು ವ್ಯತ್ಯಾಸ. ಸರ್, ಕಾಲೇಜ್ ಫೀಸ್‌ಗೂ ಇದೇ ಲೆಕ್ಕ ಅಲ್ವಾ?

ದುರ್ಗದ ರಾಜಣ್ಣ

ಶಾಂತಕ್ಕ, ಅದೇ ಲೆಕ್ಕ. ಎರಡು ಸಲ ಕಳಿಸಿದ್ದು ಎರಡು ಬೇರೆ ಬೇರೆ ಸಾಲು. ಯೂರೋ ಒಂದೇ ಅಂತ ಎರಡನ್ನೂ ಸೇರಿಸಿ ಒಂದೇ ದರಕ್ಕೆ ಗುಣಿಸಬಾರದು. ಪಾಸ್‌ಬುಕ್ಕಿನಲ್ಲಿ ಎರಡು ದಿನ ಎಷ್ಟೆಷ್ಟು ರೂಪಾಯಿ ಕಡಿತವಾಗಿದೆಯೋ ಅದನ್ನು ಕೂಡಿಸಿ. ಅದೇ ನಿಮ್ಮ ಖರ್ಚು. ಮನೆಯವರು ಹೇಳೋದು ಇವತ್ತು ಮತ್ತೆ ಅಷ್ಟು ಕಳಿಸಿದರೆ ಎಷ್ಟಾಗುತ್ತೆ ಅನ್ನೋ ಲೆಕ್ಕ. ಮುಂದಿನ ಸಲ ದುಡ್ಡು ಹೊಂದಿಸೋಕೆ ಅದು ಬೇಕಾಗುತ್ತೆ. ಆಗಿಹೋದ ಖರ್ಚಿಗೆ ಅದು ಬೇಡ.

ನಿಟ್ಟುವಳ್ಳಿ ಸವಿತಾ

ರಾಜಣ್ಣ ಸರ್, ಎಲ್ಲಾ ಕೇಳಿಕೊಂಡು ಬಂದೆ. ಕಾರ್ಡಿನ ಸ್ಟೇಟ್‌ಮೆಂಟೂ ತರಿಸಿದೆ.

ಮೊದಲು ಆ 185. ಬಿಲ್ಲಿನ ಮೇಲೆ ಬರೀ ಡಾಲರ್ ಚಿಹ್ನೆ ಇದೆ, ಹಾಗಾಗಿ ನಾನು ಅಮೆರಿಕದ ಡಾಲರ್ ಅಂದುಕೊಂಡಿದ್ದೆ. ನೀವು ಹೇಳಿದ ಮೇಲೆ ಬಿಲ್ ಪೂರ್ತಿ ಓದಿದೆ. ಕೆಳಗಡೆ ಸಣ್ಣ ಅಕ್ಷರದಲ್ಲಿ 9% ಜಿಎಸ್‌ಟಿ ಅಂತ ಇದೆ, ಫೋನ್ ನಂಬರ್ +65ರಿಂದ ಶುರುವಾಗುತ್ತೆ. ಮಾಲೀಕರನ್ನು ಕೇಳಿದರೆ, "ಫಾರೆಕ್ಸ್ ಕಾರ್ಡಿನಿಂದ ಸಿಂಗಾಪುರ ಡಾಲರ್‌ನಲ್ಲೇ ಕೊಟ್ಟಿದ್ದು" ಅಂದರು. ಆ ಕಾರ್ಡಿಗೆ ಹೋಗುವ ಮುಂಚೆ 250 ಸಿಂಗಾಪುರ ಡಾಲರ್ ತುಂಬಿಸಿದ್ದರು, 65.20 ದರದಲ್ಲಿ.

ಒಸಾಕಾ ಹೋಟೆಲ್ ಕ್ರೆಡಿಟ್ ಕಾರ್ಡಿನಲ್ಲಿ. ಸ್ಟೇಟ್‌ಮೆಂಟಿನಲ್ಲಿ ಅದಕ್ಕೆ ಮೂರು ಸಾಲು ಇದೆ. 27,081.60 ಒಂದು, 947.86 ಒಂದು, 170.61 ಒಂದು. ಕೊನೆಯ ಎರಡು ಏನು ಅಂತ ಗೊತ್ತಾಗಲಿಲ್ಲ. ವಾಪಸ್ ಬಂದ 40 ಡಾಲರ್‌ಗೆ 3,436.00 ಜಮೆ ಆಗಿದೆ.

ಯೆನ್ ಎಲ್ಲಾ ಕ್ಯಾಶ್. ಬೆಂಗಳೂರಿನಲ್ಲಿ ಮನಿ ಚೇಂಜರ್ ಹತ್ತಿರ 60,000 ಯೆನ್ ತೆಗೆದುಕೊಂಡಿದ್ದರು. ರಸೀತಿಯಲ್ಲಿ ದರ 59.40 ಅಂತ ಇದೆ, ಮೊತ್ತ 35,640 ರೂಪಾಯಿ.

ವಿಮಾನ ನಿಲ್ದಾಣದ ಊಟ ಕ್ರೆಡಿಟ್ ಕಾರ್ಡ್. ಆ ಸ್ಲಿಪ್ಪಿನಲ್ಲಿ ವಿಚಿತ್ರ ಇದೆ. 34.00 ಸಿಂಗಾಪುರ ಡಾಲರ್ ಅಂತಲೂ ಇದೆ, ಕೆಳಗೆ 2,310.00 ರೂಪಾಯಿ ಅಂತಲೂ ಇದೆ.

ದುರ್ಗದ ರಾಜಣ್ಣ

ಬಹಳ ಚೆನ್ನಾಗಿ ವಿಚಾರಿಸಿಕೊಂಡು ಬಂದಿದ್ದೀರಿ. ಈಗ ಒಂದೊಂದೇ ಬಿಲ್ ನೋಡೋಣ. ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆಯಿಂದ ಓದಿ.

ಒಸಾಕಾ ಹೋಟೆಲ್. 27,081.60ನ್ನು 312ರಿಂದ ಭಾಗಿಸಿ. 86.80 ಬರುತ್ತೆ. ಇದು ಕಾರ್ಡ್ ಕಂಪನಿ ಹಿಡಿದ ದರ. ನಿಮ್ಮ ಮಾಲೀಕರು ಬಟನ್ ಒತ್ತಿದ ದಿನದ ದರವೇ ಆಗಿರಬೇಕಿಲ್ಲ. ಸಾಮಾನ್ಯವಾಗಿ ಹೋಟೆಲಿನವರ ಕ್ಲೇಮ್ ಬಂದು ಸೆಟ್ಲ್ ಆದಾಗಿನ ದರ ಬೀಳುತ್ತೆ. ಅದಕ್ಕೇ ಇಲ್ಲಿ ದಿನಾಂಕ ಹಿಡಿದು ದರ ಹುಡುಕುತ್ತಾ ಕೂರಬೇಡಿ, ಸ್ಟೇಟ್‌ಮೆಂಟಿನ ರೂಪಾಯಿಯನ್ನೇ ತಗೊಳ್ಳಿ. ಎರಡನೇ ಸಾಲು 947.86 ಅಂದರೆ 27,081.60ರ ಮೇಲೆ 3.5%. ಇದು ಬ್ಯಾಂಕಿನ ಮಾರ್ಕಪ್. ಮೂರನೇದು ಆ ಮಾರ್ಕಪ್ ಮೇಲೆ 18% ಜಿಎಸ್‌ಟಿ. ಮೂರೂ ಸೇರಿ 28,200.07. ನೀವು ಗೂಗಲ್ ದರದಲ್ಲಿ 26,894.40 ಹಾಕಿದ್ದಿರಿ. ಅಲ್ಲೇ 1,300 ರೂಪಾಯಿ ಮೇಲೆ ಕಮ್ಮಿ ಬಿತ್ತು.

ಸಿಂಗಾಪುರ ಹೋಟೆಲ್. ಫಾರೆಕ್ಸ್ ಕಾರ್ಡಿನಲ್ಲಿ ರೂಪಾಯಿ ಹೋಗಿದ್ದು ತುಂಬಿಸಿದ ದಿನ. ಅಲ್ಲಿ ಹೋಗಿ ಸ್ವೈಪ್ ಮಾಡಿದ ದಿನದ ದರಕ್ಕೂ ನಿಮ್ಮ ಖರ್ಚಿಗೂ ಸಂಬಂಧ ಇಲ್ಲ. 185ನ್ನು 65.20ರಿಂದ ಗುಣಿಸಿ, 12,062.00. ನೀವು ಅಮೆರಿಕದ ಡಾಲರ್ ಅಂದುಕೊಂಡು 15,947 ಹಿಡಿದಿದ್ದಿರಿ. 3,885 ರೂಪಾಯಿ ಜಾಸ್ತಿ.

ಯೆನ್. ರಸೀತಿಯ 59.40 ನೂರು ಯೆನ್‌ಗೆ. ನಾಗರಾಜ್ ಹೇಳಿದ ಮಾತು ಇಲ್ಲಿ ಕೆಲಸಕ್ಕೆ ಬಂತು. ಎಫ್‌ಬಿಐಎಲ್‌ನವರು ದಿನಾ ಪ್ರಕಟಿಸುವ ರೆಫರೆನ್ಸ್ ದರದಲ್ಲೂ ಯೆನ್ ನೂರಕ್ಕೇ ಇರುತ್ತೆ. ಗೂಗಲ್ ಮಾತ್ರ ಒಂದು ಯೆನ್‌ಗೆ ತೋರಿಸುತ್ತೆ. ಒಂದು ಕಡೆಯ ದರ ತಂದು ಇನ್ನೊಂದು ಕಡೆಯ ಲೆಕ್ಕಕ್ಕೆ ಹಾಕುವಾಗ ಇಲ್ಲೇ ಎಡವುತ್ತಾರೆ. ರಸೀತಿಯಲ್ಲೇ ಪರೀಕ್ಷೆ ಮಾಡಿಕೊಳ್ಳಬಹುದು. 35,640ನ್ನು 60,000ದಿಂದ ಭಾಗಿಸಿದರೆ 0.594. ಸರಿಯಾಯ್ತು. ಹಾಗಾದರೆ ರೈಲು 8,238.78, ಊಟ 2,542.32, ಪಾರ್ಟ್ 12,771.00.

ವಿಮಾನ ನಿಲ್ದಾಣದ ಊಟ. ಕಾರ್ಡ್ ಉಜ್ಜುವಾಗ ಮೆಷಿನ್, "ರೂಪಾಯಲ್ಲಿ ಕೊಡ್ತೀರಾ, ಇಲ್ಲಿನ ದುಡ್ಡಲ್ಲಿ ಕೊಡ್ತೀರಾ" ಅಂತ ಕೇಳುತ್ತೆ. ನಿಮ್ಮವರು ರೂಪಾಯಿ ಒತ್ತಿದ್ದಾರೆ. ಅಂದರೆ ಅಂಗಡಿಯ ಕಡೆಯವರೇ ರೂಪಾಯಿ ಮಾಡಿಬಿಟ್ಟಿದ್ದಾರೆ. 2,310ನ್ನು 34ರಿಂದ ಭಾಗಿಸಿದರೆ 67.94 ಆಗುತ್ತೆ, ದುಬಾರಿ ದರ. ಇರಲಿ, ಕೊಟ್ಟಾಗಿದೆ. ಈ ಬಿಲ್ಲಿಗೆ ನೀವು ಯಾವ ದರವನ್ನೂ ಹಾಕಬಾರದು, 2,310 ಹಾಗೇ ಬರಬೇಕು. ಇಂಥ ಬಿಲ್ಲಿನ ಮೇಲೂ ಕೆಲವು ಬ್ಯಾಂಕ್‌ಗಳು ಬೇರೆ ಶುಲ್ಕ ಹಾಕುತ್ತವೆ, ಸ್ಟೇಟ್‌ಮೆಂಟಿನಲ್ಲಿ ಆ ಸಾಲು ಇದೆಯಾ ನೋಡಿಕೊಳ್ಳಿ.

ಕೊನೆಯದು ವಾಪಸ್ ಬಂದ 40 ಡಾಲರ್. 3,436ನ್ನು 40ರಿಂದ ಭಾಗಿಸಿದರೆ 85.90. ಹೋಗುವಾಗ 86.80, ಬರುವಾಗ 85.90. ನೀವು 312ರಲ್ಲಿ 40 ಕಳೆದು, ಉಳಿದ 272ಕ್ಕೆ ಒಂದು ದರ ಹಾಕಿದರೆ ಇದು ಕಾಣೋದೇ ಇಲ್ಲ. ವಾಪಸ್ ಬಂದಿದ್ದನ್ನು ತನ್ನದೇ ದರದಲ್ಲಿ, ಮೈನಸ್ ಚಿಹ್ನೆ ಹಾಕಿ, ಬೇರೆ ಸಾಲಿನಲ್ಲಿ ಬರೆಯಿರಿ.

ಎಲ್ಲಾ ಕೂಡಿಸಿದರೆ 62,688.17 ರೂಪಾಯಿ.

ಎಂಸಿಸಿ ಬಿ ಬ್ಲಾಕ್ ಮಂಜು

ರಾಜಣ್ಣ ಸರ್, ಸವಿತಾ ಮೇಡಂ ಮೊತ್ತಕ್ಕೂ ಇದಕ್ಕೂ ಎರಡು ಸಾವಿರ ಅಷ್ಟೇ ವ್ಯತ್ಯಾಸ. ಅರವತ್ತು ಸಾವಿರದಲ್ಲಿ ಎರಡು ಸಾವಿರಕ್ಕೆ ಇಷ್ಟು ಕಷ್ಟ ಯಾಕೆ?

ದುರ್ಗದ ರಾಜಣ್ಣ

ಮಂಜು, ಆ ಎರಡು ಸಾವಿರ ಒಂದು ತಪ್ಪಿನಿಂದ ಬಂದಿದ್ದಲ್ಲ. 2,103.68ರ ಒಳಗೆ ಏನಿದೆ ನೋಡಪ್ಪ. ಸಿಂಗಾಪುರ ಹೋಟೆಲಿನಲ್ಲಿ 3,885 ಜಾಸ್ತಿ. ಒಸಾಕಾ ಹೋಟೆಲಿನಲ್ಲಿ 1,305.67 ಕಮ್ಮಿ. ಯೆನ್‌ನಲ್ಲಿ 356.85 ಕಮ್ಮಿ. ಊಟದಲ್ಲಿ 106.80 ಕಮ್ಮಿ. ವಾಪಸ್ ಬಂದಿದ್ದರಲ್ಲಿ 12 ರೂಪಾಯಿ. ಒಂದು ತಪ್ಪು ಮೇಲಕ್ಕೆ ಎಳೆದಿದೆ, ನಾಲ್ಕು ಕೆಳಕ್ಕೆ ಎಳೆದಿವೆ. ಆ ಸಿಂಗಾಪುರ ಹೋಟೆಲ್ ಬಿಲ್ ಇನ್ನೂ ಚಿಕ್ಕದಾಗಿ, ಒಂದು 85 ಡಾಲರ್ ಆಗಿದ್ದಿದ್ದರೆ, ಜಾಸ್ತಿ ಬಿದ್ದಿದ್ದಕ್ಕೂ ಕಮ್ಮಿ ಬಿದ್ದಿದ್ದಕ್ಕೂ ಹೆಚ್ಚುಕಮ್ಮಿ ಸರಿಹೋಗಿ, ಒಟ್ಟು ಮೊತ್ತ ಸರಿಯಾಗೇ ಕಾಣುತ್ತಿತ್ತು. ಐದು ತಪ್ಪು ಒಳಗೆ ಕೂತಿದ್ದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಕೌಂಟರಿನಲ್ಲಿ ನನಗೆ ಭಯ ಇದ್ದಿದ್ದು ಇಂಥದ್ದಕ್ಕೇ. ಯೆನ್ ನೂರು ಪಟ್ಟು ಆದರೆ ಇಪ್ಪತ್ತಮೂರು ಲಕ್ಷ ಅಂತ ಬರುತ್ತೆ, ನೋಡಿದ ತಕ್ಷಣ ಸಿಕ್ಕಿಬೀಳುತ್ತೆ. ಡಾಲರ್ ಚಿಹ್ನೆಯ ತಪ್ಪು ಹಾಗಲ್ಲ. ಸಿಂಗಾಪುರದ್ದು, ಆಸ್ಟ್ರೇಲಿಯಾದ್ದು, ಕೆನಡಾದ್ದು, ಹಾಂಗ್‌ಕಾಂಗಿನದ್ದು ಎಲ್ಲದರ ಹೆಸರೂ ಡಾಲರೇ. ಮೊತ್ತ ನಂಬುವ ಹಾಗೇ ಇರುತ್ತೆ.

ಚಳ್ಳಕೆರೆ ಇಮ್ರಾನ್

ನಂದೂ ಒಂದು ಇದೆ. ನಾನು ಕುವೈತ್‌ನಲ್ಲಿ ಆರು ವರ್ಷ ಇದ್ದೆ. ಅಲ್ಲಿ ಒಂದು ದಿನಾರ್‌ಗೆ ಸಾವಿರ ಫಿಲ್ಸ್, ಹಾಗಾಗಿ ಬಿಲ್ಲಿನಲ್ಲಿ ಪಾಯಿಂಟ್ ಆದ ಮೇಲೆ ಮೂರು ಅಂಕಿ ಇರುತ್ತೆ. 12.500 ಅಂದರೆ ಹನ್ನೆರಡೂವರೆ ದಿನಾರ್. ಊರಿಗೆ ಬಂದಾಗ ಒಂದು ಕಂಪನಿಗೆ ಟಿಕೆಟ್, ಟ್ಯಾಕ್ಸಿ ಬಿಲ್ ಕೊಟ್ಟೆ. ಅವರ ಹುಡುಗ ಅದನ್ನು ಹನ್ನೆರಡು ಸಾವಿರದ ಐನೂರು ಅಂತ ಟೈಪ್ ಮಾಡಿಬಿಟ್ಟಿದ್ದ. ಅಲ್ಲಿ ಚುಕ್ಕೆ ಕಂಡಿದ್ದಕ್ಕೆ ಕಾಮಾ ಅಂದುಕೊಂಡಿದ್ದ. ಯೆನ್‌ಗೆ ಪೈಸೆನೇ ಇಲ್ಲ, ದಿನಾರ್‌ಗೆ ಮೂರು ಅಂಕಿ. ದರ ಹಾಕೋಕೆ ಮುಂಚೆ ಬಿಲ್ಲಿನ ಮೊತ್ತ ಸರಿಯಾಗಿ ಓದಿದ್ದೀವಾ ಅಂತ ನೋಡಬೇಕು.

ಹೊಳಲ್ಕೆರೆ ಶಾಂತಕ್ಕ

ಹೌದಪ್ಪ. ಮಗಳು ಕಳಿಸಿದ ಹಾಸ್ಟೆಲ್ ಬಿಲ್ಲಿನಲ್ಲಿ 1.250,00 ಅಂತ ಇತ್ತು. ನಾನು ಒಂದೂಕಾಲು ಯೂರೋ ಅಂದುಕೊಂಡೆ. ಜರ್ಮನಿಯಲ್ಲಿ ಚುಕ್ಕೆ, ಕಾಮಾ ಉಲ್ಟಾ ಬರೀತಾರಂತೆ. ಅದು ಸಾವಿರದ ಇನ್ನೂರೈವತ್ತು.

ಎಂಸಿಸಿ ಬಿ ಬ್ಲಾಕ್ ಮಂಜು

ಸರಿ ಸರ್, ಒಪ್ಪಿದೆ. ನಾನು ಹೇಳಿದ VLOOKUP ಇಲ್ಲಿ ಸರಿಬರೋಲ್ಲ ಅಂತ ಈಗ ಗೊತ್ತಾಯ್ತು. ಅದು USD ಅಂದರೆ ಒಂದೇ ದರ ತರುತ್ತೆ. ಮೇಡಂ ಹತ್ತಿರ ಡಾಲರ್‌ಗೇ ಎರಡು ದರ ಇದೆ, 86.80 ಮತ್ತು 85.90. ಸಿಂಗಾಪುರ ಡಾಲರ್‌ಗೆ ಒಂದು ಬಿಲ್ಲಿಗೆ ದರ ಇದೆ, ಇನ್ನೊಂದಕ್ಕೆ ದರವೇ ಬೇಡ. ಅಂದರೆ ದರ ಬಿಲ್ಲಿನ ಸಾಲಿನಲ್ಲೇ ಇರಬೇಕು. ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. VLOOKUP ಕೊನೆಗೆ FALSE ಹಾಕದಿದ್ದರೆ, ಪಟ್ಟಿ ಅಕ್ಷರದ ಕ್ರಮದಲ್ಲಿ ಇಲ್ಲದಿದ್ದಾಗ ಬೇರೆ ಕರೆನ್ಸಿಯ ದರ ತಂದು ಕೂರಿಸಬಹುದು. ಎರರ್ ಕೂಡ ತೋರಿಸೋದಿಲ್ಲ.

ಮೇಡಂ, ಶೀಟ್ ಹೀಗೆ ಮಾಡಿ. A ದಿನಾಂಕ, B ಬಿಲ್ಲಿನ ಮೊತ್ತ, C ಕರೆನ್ಸಿ, D ದರ, E ಆ ದರ ಎಷ್ಟಕ್ಕೆ ಅನ್ನೋದು. E ಕಾಲಮ್ಮಿನಲ್ಲಿ ಯೆನ್‌ಗೆ 100, ಉಳಿದದ್ದಕ್ಕೆಲ್ಲ 1. F ಅಂದರೆ ರೂಪಾಯಿ. G ಕಾಲಮ್ಮಿನಲ್ಲಿ ದರ ಎಲ್ಲಿಂದ ಬಂತು ಅಂತ ಬರೆಯಿರಿ.

```
F2:  =ROUND(B2*D2/E2, 2)
```

ರೂಪಾಯಲ್ಲೇ ಇರುವ ಬಿಲ್ಲಿಗೆ C ಅಲ್ಲಿ INR, D ಅಲ್ಲಿ 1. SUM ಮಾಡೋದು F ಕಾಲಮ್ ಮಾತ್ರ. B ಕಾಲಮ್ ಕೆಳಗೆ SUM ಹಾಕಲೇಬೇಡಿ. ಮೊತ್ತದ ಸೆಲ್ಲಿನಲ್ಲಿ ಚಿಹ್ನೆ ಟೈಪ್ ಮಾಡಬೇಡಿ, ಅಂಕಿ ಮಾತ್ರ. ಚಿಹ್ನೆ ಸೇರಿ ಅದು ಅಕ್ಷರ ಅಂತ ಕೂತುಬಿಟ್ಟರೆ SUM ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತೆ. ಸೆಲ್ಲಿನಲ್ಲಿ ಅಂಕಿ ಎಡಕ್ಕೆ ಅಂಟಿಕೊಂಡಿದ್ದರೆ ಅನುಮಾನ ಪಡಿ.

ನಿಟ್ಟುವಳ್ಳಿ ಸವಿತಾ

ಮಂಜು, ಹಾಗೇ ಮಾಡಿದೆ. ತುಂಬಾ ಉಪಕಾರ ಆಯ್ತು. ಮಾರ್ಕಪ್ ಸಾಲು, ಜಿಎಸ್‌ಟಿ ಸಾಲು ಎರಡನ್ನೂ INR ಅಂತ ಬೇರೆ ಬೇರೆ ಸಾಲಿನಲ್ಲಿ ಹಾಕಿದೆ. ಒಟ್ಟು ಒಂಬತ್ತು ಸಾಲು. F ಕೆಳಗೆ 62,688.17 ಬಂತು, ಸರ್ ಹೇಳಿದ್ದೇ. ಊಟದ ಬಿಲ್ಲಿಗೆ ಬ್ಯಾಂಕ್ ಬೇರೆ ಶುಲ್ಕ ಹಾಕಿಲ್ಲ.

ರಾಜಣ್ಣ ಸರ್, ಇದು ಸರಿ ಇದೆ ಅಂತ ನಾನೇ ಖಚಿತ ಮಾಡಿಕೊಳ್ಳೋದು ಹೇಗೆ? ಪ್ರತಿ ಸಲ ನಿಮ್ಮನ್ನು ಕೇಳೋಕೆ ಆಗೋದಿಲ್ಲ ಅಲ್ವಾ.

ದುರ್ಗದ ರಾಜಣ್ಣ

ದುಡ್ಡು ಮೂರು ಜಾಗದಿಂದ ಹೋಗಿದೆ. ಮೂರನ್ನೂ ಬೇರೆ ಬೇರೆ ತಾಳೆ ನೋಡಿ, ಅವುಗಳ ಸ್ವಂತ ಕರೆನ್ಸಿಯಲ್ಲೇ.

ಕ್ರೆಡಿಟ್ ಕಾರ್ಡಿನ ಸಾಲುಗಳನ್ನು ಮಾತ್ರ ಕೂಡಿಸಿ. 28,200.07 ಮತ್ತು 2,310, ಅದರಲ್ಲಿ 3,436 ಕಳೆದರೆ 27,074.07. ಸ್ಟೇಟ್‌ಮೆಂಟಿನಲ್ಲಿ ಆ ಸಾಲುಗಳೂ ಪೈಸೆ ಬಿಡದೆ ಅಷ್ಟೇ ಬರಬೇಕು. ಫಾರೆಕ್ಸ್ ಕಾರ್ಡಿನಲ್ಲಿ 250 ಇತ್ತು, 185 ಹೋಯ್ತು, ಬ್ಯಾಲೆನ್ಸ್ 65 ಸಿಂಗಾಪುರ ಡಾಲರ್ ಇರಬೇಕು. ಯೆನ್ 60,000 ಇತ್ತು, ಬಿಲ್ 39,650. ಮಾಲೀಕರ ಹತ್ತಿರ 20,350 ಯೆನ್ ಉಳಿದಿರಬೇಕು. ಅವರ ಪರ್ಸ್ ತೆಗೆಸಿ ಎಣಿಸಿ.

ಇಲ್ಲಿ ಯೆನ್ ಮಾತ್ರ ಕೂಡಿಸಬಹುದು, ಒಂದೇ ಕರೆನ್ಸಿ ಆದ್ದರಿಂದ ತಪ್ಪಿಲ್ಲ.

```
=SUMIF(C2:C10, "JPY", B2:B10)
```

39,650 ಬಂದರೆ ಯಾವ ಬಿಲ್ಲೂ ಬಿಟ್ಟುಹೋಗಿಲ್ಲ. ಇದು ಮೊತ್ತ ಓದಿದ್ದು ಸರಿಯಾ ಅಂತ ಹೇಳುತ್ತೆ. ದರ ಸರಿಯಾ ಅಂತ ಹೇಳೋದಿಲ್ಲ. ಅದಕ್ಕೆ G ಕಾಲಮ್ ಇದೆ, ರಸೀತಿ ಜೊತೆ ಇಟ್ಟು ನೋಡಿ.

ನಿಟ್ಟುವಳ್ಳಿ ಸವಿತಾ

ಎಣಿಸಿದೆ ಸರ್. ಮಾಲೀಕರು ಪರ್ಸ್ ತೆಗೆದು ಟೇಬಲ್ ಮೇಲೆ ಸುರಿದರು. ಹತ್ತು ಸಾವಿರದ ಎರಡು ನೋಟು, ಉಳಿದದ್ದೆಲ್ಲ ನಾಣ್ಯ. ಮೂರು ನೂರರ ನಾಣ್ಯ, ಒಂದು ಐವತ್ತರದ್ದು. ಸರಿಯಾಗಿ 20,350. ಐವತ್ತರ ನಾಣ್ಯಕ್ಕೆ ನಡುವೆ ತೂತು ಇದೆ, ನಾನು ನೋಡಿದ್ದು ಇದೇ ಮೊದಲು. ಫಾರೆಕ್ಸ್ ಕಾರ್ಡಿನ ಆ್ಯಪ್‌ನಲ್ಲಿ 65.00 ತೋರಿಸುತ್ತಿದೆ. ಎಲ್ಲಾ ತಾಳೆ ಆಯ್ತು.

ಈಗ ಇನ್ನೊಂದು ಪ್ರಶ್ನೆ ಎದ್ದಿದೆ. ಆ ಉಳಿದ ಯೆನ್ ಏನು ಮಾಡೋದು? ಮನಿ ಚೇಂಜರ್‌ಗೆ ಫೋನ್ ಮಾಡಿದೆ. ವಾಪಸ್ ತಗೊಳ್ಳುವ ದರ ನೂರಕ್ಕೆ 55.80 ಅಂದರು. ನಾಣ್ಯ ತಗೊಳ್ಳೋದೇ ಇಲ್ಲವಂತೆ. ಅಂದರೆ 20,000 ಯೆನ್‌ಗೆ 11,160 ಬರುತ್ತೆ. ತಗೊಂಡಾಗ ಅದಕ್ಕೆ ಕೊಟ್ಟಿದ್ದು 11,880. ಈ 720 ರೂಪಾಯಿ ನಷ್ಟವನ್ನು ಟೂರ್ ಖರ್ಚಿಗೆ ಸೇರಿಸಲಾ?

ದುರ್ಗದ ರಾಜಣ್ಣ

ನನ್ನ ಅಭಿಪ್ರಾಯ ಬೇಡ ಅಂತ. ಟೂರ್ ಖರ್ಚು 62,688.17ಕ್ಕೆ ನಿಲ್ಲಲಿ. ಉಳಿದ ನೋಟು ಕೈಯಲ್ಲಿರುವ ವಿದೇಶಿ ಹಣ. ಮಾರಿದ ದಿನ ಬಂದ ನಷ್ಟವನ್ನು ಎಕ್ಸ್‌ಚೇಂಜ್ ವ್ಯತ್ಯಾಸ ಅಂತ ಬೇರೆ ತಲೆಬರಹದಲ್ಲಿ ಬರೆಯಿರಿ. ಮಾರದೆ ಇಟ್ಟುಕೊಳ್ಳುವುದಾದರೂ 2,000 ಅಮೆರಿಕನ್ ಡಾಲರ್‌ನಷ್ಟರ ಒಳಗಿನ ನೋಟು ಇಟ್ಟುಕೊಳ್ಳೋಕೆ ಅವಕಾಶ ಇದೆ, ಅದಕ್ಕಿಂತ ಜಾಸ್ತಿ ಇದ್ದರೆ ಬಂದ 180 ದಿನದೊಳಗೆ ಒಪ್ಪಿಸಬೇಕು. ನಿಮ್ಮದು ಅದರ ಹತ್ತಿರಕ್ಕೂ ಬರೋದಿಲ್ಲ.

ಹರಿಹರ ನಾಗರಾಜ್

ಸರ್, ನಾನು ಒಪ್ಪೋದಿಲ್ಲ. ಟೂರ್‌ಗೆ ಅಂತಲೇ ತಗೊಂಡ ಯೆನ್ ಅದು. ಟೂರ್ ಇಲ್ಲದಿದ್ದರೆ ಆ 720 ಹೋಗುತ್ತಲೇ ಇರಲಿಲ್ಲ. ಮುಂದಿನ ಸಲ ಮಾಲೀಕರು ಟೂರ್ ಬಜೆಟ್ ಹಾಕುವಾಗ ಅದು ಒಳಗೆ ಇದ್ದರೇ ನಿಜವಾದ ಖರ್ಚು ಗೊತ್ತಾಗೋದು. ನಮ್ಮಲ್ಲಿ ನಾವು ಸೇರಿಸುತ್ತೇವೆ. ಮಾರ್ಕಪ್ಪನ್ನೂ ಅಷ್ಟೇ, ಹೋಟೆಲ್ ಖರ್ಚಿಗೇ ಸೇರಿಸುತ್ತೇವೆ.

ದುರ್ಗದ ರಾಜಣ್ಣ

ಮಾರ್ಕಪ್ಪನ್ನು ನಾನಾದರೆ ಬ್ಯಾಂಕ್ ಚಾರ್ಜಸ್‌ಗೆ ಹಾಕುತ್ತಿದ್ದೆ. ವರ್ಷಕ್ಕೆ ಕಾರ್ಡಿನಿಂದ ಎಷ್ಟು ಹೋಯ್ತು ಅಂತ ಒಂದೇ ಕಡೆ ಕಾಣಬೇಕು ನಾಗರಾಜ್. ನೀವು ಹೇಳೋದರಲ್ಲೂ ಅರ್ಥ ಇದೆ, ಇಲ್ಲ ಅನ್ನೋದಿಲ್ಲ. ಯಾವ ತಲೆಬರಹ ಅನ್ನೋದನ್ನು ಸವಿತಾ ಅವರ ಸಿಎ ಹೇಳಲಿ. ಹೇಗೆ ಹಾಕಿದರೂ ರೂಪಾಯಿ ಮೊತ್ತ ಬದಲಾಗಬಾರದು.

ಚಳ್ಳಕೆರೆ ಇಮ್ರಾನ್

ಸರ್, ಒಂದು ಸಂದೇಹ. ಬಿಲ್ ಬಂದಿದೆ, ಇನ್ನೂ ದುಡ್ಡೇ ಕೊಟ್ಟಿಲ್ಲ ಅಂದರೆ ಯಾವ ದರ? ಅಲ್ಲಿ ರೂಪಾಯಿ ಇನ್ನೂ ಕೈಬಿಟ್ಟಿಲ್ಲವಲ್ಲ.

ದುರ್ಗದ ರಾಜಣ್ಣ

ಒಳ್ಳೆ ಪ್ರಶ್ನೆ. ಆಗ ಬಿಲ್ ಲೆಕ್ಕಕ್ಕೆ ಬಂದ ದಿನದ ದರದಲ್ಲಿ ಬರೆದುಕೊಳ್ಳಬೇಕು. ಎಫ್‌ಬಿಐಎಲ್ ರೆಫರೆನ್ಸ್ ದರ ಆಗ ಕೆಲಸಕ್ಕೆ ಬರುತ್ತೆ. 2018ರವರೆಗೆ ರಿಸರ್ವ್ ಬ್ಯಾಂಕ್ ತಾನೇ ಅದನ್ನು ಕೊಡುತ್ತಿತ್ತು, ಆಮೇಲೆ ಇವರಿಗೆ ವಹಿಸಿತು. ಮಾರ್ಚ್ 31ಕ್ಕೂ ಬಿಲ್ ಬಾಕಿ ಇದ್ದರೆ ಆ ದಿನದ ದರಕ್ಕೆ ಮತ್ತೆ ಲೆಕ್ಕ ಹಾಕಿ, ವ್ಯತ್ಯಾಸವನ್ನು ಲಾಭಕ್ಕೋ ನಷ್ಟಕ್ಕೋ ಬರೆಯುತ್ತಾರೆ. ದುಡ್ಡು ಕೊಟ್ಟ ದಿನ ಉಳಿದ ವ್ಯತ್ಯಾಸ. ನಾಗರಾಜ್‌ಗೆ ಬೇರಿಂಗ್ ಬಿಲ್‌ಗಳಲ್ಲಿ ಇದು ಬಂದೇ ಬಂದಿರುತ್ತೆ.

ಹರಿಹರ ನಾಗರಾಜ್

ಬರುತ್ತೆ ಸರ್. ಒಂದೇ ಬಿಲ್ಲಿಗೆ ನಮ್ಮಲ್ಲಿ ಮೂರು ದರ ಓಡಾಡುತ್ತೆ. ಸುಂಕಕ್ಕೆ ಕಸ್ಟಮ್ಸ್ ದರ, ಪುಸ್ತಕಕ್ಕೆ ಬಿಲ್ ದಿನದ ದರ, ಪಾವತಿಗೆ ಬ್ಯಾಂಕ್ ದರ.

ನಿಟ್ಟುವಳ್ಳಿ ಸವಿತಾ

ಇವತ್ತು ನಮ್ಮ ಸಿಎ ಸರ್ ಹತ್ತಿರ ಹೋಗಿದ್ದೆ. ಮಾರ್ಕಪ್, ಅದರ ಜಿಎಸ್‌ಟಿ ಎರಡನ್ನೂ ಬ್ಯಾಂಕ್ ಚಾರ್ಜಸ್‌ಗೆ ಹಾಕು ಅಂದರು. ಹಾಗಾಗಿ ಪ್ರಯಾಣ ಖರ್ಚು 61,569.70, ಬ್ಯಾಂಕ್ ಚಾರ್ಜಸ್ 1,118.47 ಅಂತ ಬರೆದೆ. ಕೂಡಿಸಿದರೆ ಅದೇ 62,688.17. ಆದರೆ ಆ 21,500 ಯೆನ್ನಿನ ಸ್ಯಾಂಪಲ್ ಪಾರ್ಟನ್ನು ಪ್ರಯಾಣ ಖರ್ಚಿನಿಂದ ತೆಗೆದು ಬೇರೆ ಇಡಬೇಕಾಗಬಹುದು, ನೋಡಿ ಹೇಳುತ್ತೇನೆ ಅಂದಿದ್ದಾರೆ. ಅದು ಬೇರೆ ಸಾಲಿನಲ್ಲೇ ಇರೋದರಿಂದ 12,771 ಎತ್ತಿ ಆ ಕಡೆ ಹಾಕೋದು ಸುಲಭ. ಉಳಿದ ಯೆನ್ ವಿಷಯ ಮಾಲೀಕರು ಇನ್ನೂ ತೀರ್ಮಾನ ಮಾಡಿಲ್ಲ. ಮೆಷಿನ್ ಆರ್ಡರ್ ಆದರೆ ಮತ್ತೆ ಹೋಗಬೇಕಾಗುತ್ತಂತೆ, ನೋಟು ಇರಲಿ ಅಂದರು. ನಾಣ್ಯಗಳನ್ನೂ ಸೇರಿಸಿ ಒಂದು ಕವರಿನಲ್ಲಿ ಹಾಕಿ, ಮೇಲೆ "20,350 ಯೆನ್, 100ಕ್ಕೆ 59.40" ಅಂತ ಬರೆದು ಬೀರುವಿನಲ್ಲಿ ಇಟ್ಟಿದ್ದೇನೆ.

ಹೊಳಲ್ಕೆರೆ ಶಾಂತಕ್ಕ

ಸವಿತಾ, ಆ ಶೀಟನ್ನು ಅಂಕಿ ಅಳಿಸಿ ನನಗೂ ಕಳಿಸಮ್ಮ. ಮುಂದಿನ ತಿಂಗಳು ಮೂರನೇ ಕಂತು ಕಳಿಸಬೇಕು, ಈ ಸಲ ನಾನೇ ಬರೆದಿಡುತ್ತೇನೆ.